ಬಿಸಿಲು ಬಿದ್ದರೂ ಅಭ್ಯಾಸ ಯಾಕಿಲ್ಲ?

ಬೆಂಗಳೂರಿನ ಅಕ್ಟೋಬರ್ ಮಳೆ ಹೆಚ್ಚಾಗಿ ಸಂಜೆ ಶುರುವಾಗಿ ರಾತ್ರಿಯ ಹೊತ್ತಿಗೆ ಸುರಿದು ಮುಗಿದಿರುತ್ತದೆ. ಬೆಳಗಾಗುವಾಗ ಆಕಾಶ ತಿಳಿಯಾಗಿರುತ್ತದೆ. ಮಕ್ಕಳ ಕ್ರಿಕೆಟ್ ಶಿಬಿರ ನಡೆಸುವ ಕೋಚ್‌ಗೆ ಕಷ್ಟ ಬರುವುದು ಇಂಥ ಬೆಳಗಿನಲ್ಲೇ. ಮಳೆ ಸುರಿಯುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲ. ಬಿಸಿಲು ಬಿದ್ದ ಮೇಲೆ ‘ಇವತ್ತು ಅಭ್ಯಾಸ ಇಲ್ಲ’ ಎಂದು ಸಂದೇಶ ಕಳಿಸಿದರೆ, ಕಾರಣವನ್ನೂ ಹೇಳಬೇಕಾಗುತ್ತದೆ.

ಕಾರಣ ಇರುವುದು ಮಣ್ಣಿನಲ್ಲಿ. ಮೈದಾನದ ಮೇಲೆ ನೀರು ಕಾಣದಿದ್ದರೂ ಕೋಚ್ ಒಂದು ಸುತ್ತು ನಡೆದು, ಅಲ್ಲಲ್ಲಿ ಹಿಮ್ಮಡಿ ಒತ್ತಿ ನೋಡುತ್ತಾರೆ. ಒತ್ತಿದ ಕಡೆ ಗುಳಿ ಬಿದ್ದು ನೀರು ಜಿನುಗಿದರೆ ಕೆಳಗಿನ ಮಣ್ಣು ಇನ್ನೂ ನೀರು ಕುಡಿದು ಕೂತಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಬೌಲರ್‌ನ ಮುಂಗಾಲು ಬೀಳುವ ಜಾಗ. ಚೆಂಡು ಬಿಡುವ ಗಳಿಗೆಯಲ್ಲಿ ಆ ಒಂದು ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಅಲ್ಲಿ ಜಾರಿದರೆ ಮಂಡಿ, ಪಾದದ ಕೀಲು ಇಲ್ಲವೇ ಸೊಂಟಕ್ಕೆ ಪೆಟ್ಟಾಗುತ್ತದೆ.

ಇನ್ನೊಂದು ನಷ್ಟ ಅವತ್ತೇ ಕಾಣುವಂಥದ್ದಲ್ಲ. ನೆನೆದ ಮಣ್ಣನ್ನು ಇಪ್ಪತ್ತು ಮಕ್ಕಳು ತುಳಿದರೆ ನೀರು ಇಳಿಯುವ ಸಣ್ಣ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಮುಂದಿನ ಮಳೆಗೆ ಅದೇ ಜಾಗದಲ್ಲಿ ನೀರು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಅವಸರದ ಒಂದು ಅಭ್ಯಾಸಕ್ಕೆ ಮುಂದಿನ ಎರಡು ಮೂರು ಅಭ್ಯಾಸಗಳನ್ನು ಕಳೆದುಕೊಳ್ಳುವುದು ಹೀಗೆ.

ದೊಡ್ಡ ಮೈದಾನಗಳಿಗೂ ಈ ತೊಂದರೆ ತಪ್ಪಿದ್ದಲ್ಲ. 2015ರ ನವೆಂಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ನಡೆದ ಟೆಸ್ಟ್‌ನಲ್ಲಿ ಆಟ ಸಾಧ್ಯವಾದದ್ದು ಮೊದಲ ದಿನ ಮಾತ್ರ. 2017ರಲ್ಲಿ ಅಲ್ಲಿ ನೆಲದಡಿಯ ಕೊಳವೆಗಳ ಮೂಲಕ ನೀರನ್ನು ಎಳೆದು ಹೊರಹಾಕುವ ಸಬ್‌ಏರ್ ವ್ಯವಸ್ಥೆ ಬಂತು. ಶಾಲೆಯ ಮೈದಾನದಲ್ಲಿ ಬಕೆಟ್, ಸ್ಪಂಜು, ಮರದ ಹೊಟ್ಟು ಬಿಟ್ಟರೆ ಬೇರೇನೂ ಇರುವುದಿಲ್ಲ. ಇವು ಮೇಲಿನ ನೀರನ್ನಷ್ಟೇ ತೆಗೆಯಬಲ್ಲವು.

ಹಾಗಾಗಿ ಅಭ್ಯಾಸವನ್ನು ಮುಂದೂಡಲೇಬೇಕು. ಹದಿನಾಲ್ಕು ವರ್ಷದೊಳಗಿನ 24 ಮಕ್ಕಳಿಗೆ ಶನಿವಾರ ಬೆಳಿಗ್ಗೆ ಆರೂವರೆಗೆ ಅಭ್ಯಾಸವಿದೆ ಎಂದುಕೊಳ್ಳೋಣ. ಮನೆಯವರು ಸ್ಕೂಟರ್ ಹೊರತೆಗೆಯುವ ಮುಂಚೆ, ಐದೂಕಾಲಿಗೆಲ್ಲ ಸಂದೇಶ ಹೋಗಬೇಕು. ಅದು ಹೀಗಿದ್ದರೆ ಸಾಕು:

‘ಪೋಷಕರಿಗೆ ನಮಸ್ಕಾರ. ಇಂದು, ಅಕ್ಟೋಬರ್ 11, ಶನಿವಾರ ಬೆಳಿಗ್ಗೆಯ ಅಭ್ಯಾಸ ಇರುವುದಿಲ್ಲ. ಮಳೆ ನಿಂತಿದೆ, ಆದರೆ ಬೌಲಿಂಗ್ ಮಾಡುವ ಕಡೆ ಮಣ್ಣು ಒತ್ತಿದರೆ ನೀರು ಬರುತ್ತಿದೆ. ಬದಲಿಗೆ ಅಕ್ಟೋಬರ್ 12, ಭಾನುವಾರ ಸಿಮೆಂಟ್ ನೆಟ್ಸ್‌ನಲ್ಲಿ ಅಭ್ಯಾಸ. ಮೊದಲ ಗುಂಪು 3ರಿಂದ 4.30, ಎರಡನೇ ಗುಂಪು 4.30ರಿಂದ 6. ಗುಂಪುಗಳ ಪಟ್ಟಿ ಕೆಳಗಿದೆ. ಸ್ಪೈಕ್ಸ್ ಬೇಡ, ರಬ್ಬರ್ ಅಟ್ಟೆಯ ಶೂ ಹಾಕಿ ಕಳಿಸಿ. ಬರಲಾಗದವರು ಇಂದು ರಾತ್ರಿ 8ರೊಳಗೆ ತಿಳಿಸಿ. ಭಾನುವಾರವೂ ಮಳೆಯಾದರೆ ಮಧ್ಯಾಹ್ನ 2ಕ್ಕೆ ಇನ್ನೊಂದು ಸಂದೇಶ ಕಳಿಸುತ್ತೇನೆ.’

ತಾರೀಕು, ವಾರ ಎರಡನ್ನೂ ಬರೆದದ್ದಕ್ಕೆ ಕಾರಣವಿದೆ. ಬರೀ ‘ನಾಳೆ’ ಎಂದಿದ್ದರೆ ಭಾನುವಾರ ಬೆಳಿಗ್ಗೆ ಸಂದೇಶ ನೋಡಿದವರು ಸೋಮವಾರ ಎಂದುಕೊಳ್ಳುತ್ತಾರೆ. ‘ನೋಡೋಣ, ಆಮೇಲೆ ಹೇಳ್ತೀನಿ’ ಎಂಬುದು ಎಲ್ಲಕ್ಕಿಂತ ಕೆಟ್ಟ ಸಂದೇಶ. ಅದನ್ನು ನಂಬಿದ ಮನೆಯವರು ಇಡೀ ದಿನ ಬೇರೆ ಯಾವ ಕೆಲಸವನ್ನೂ ಗೊತ್ತುಮಾಡಿಕೊಳ್ಳಲಾರರು.

ಎರಡು ಗುಂಪು ಮಾಡಿದ್ದು ಒಂದು ಸಣ್ಣ ಲೆಕ್ಕದಿಂದ. ಸಿಮೆಂಟ್ ನೆಟ್ಸ್ ಇರುವುದು ಎರಡೇ. ಒಂದೂವರೆ ಗಂಟೆಯಲ್ಲಿ ಎರಡೂ ಸೇರಿ 180 ನಿಮಿಷದ ಬ್ಯಾಟಿಂಗ್ ಸಿಗುತ್ತದೆ. 24 ಮಕ್ಕಳೂ ಒಟ್ಟಿಗೆ ಬಂದರೆ ಒಬ್ಬರಿಗೆ ಏಳೂವರೆ ನಿಮಿಷ, ಹನ್ನೆರಡೇ ಮಕ್ಕಳಾದರೆ ಹದಿನೈದು ನಿಮಿಷ. ಏಳು ನಿಮಿಷದಲ್ಲಿ ಕಾಲು, ಕಣ್ಣು ಹೊಂದಿಕೊಳ್ಳುವಷ್ಟರಲ್ಲೇ ಪ್ಯಾಡ್ ಬಿಚ್ಚಬೇಕಾಗುತ್ತದೆ. ಕೋಚ್ ಒಂದೂವರೆ ಗಂಟೆ ಹೆಚ್ಚು ನಿಲ್ಲಬೇಕಾಗುತ್ತದೆ ನಿಜ, ಆದರೂ ಮಾಡಬೇಕಾದದ್ದು ಇದನ್ನೇ.

ಆದರೆ ಮೈದಾನದಲ್ಲಿ ಆಗುವ ಎಲ್ಲವೂ ಇಲ್ಲಿ ಆಗದು. ಸಿಮೆಂಟ್ ಮೇಲೆ ಚೆಂಡು ಪುಟಿಯುವುದು ಹೆಚ್ಚು. ಹಿಂಗಾಲಿನ ಮೇಲೆ ಆಡುವ ಹೊಡೆತಗಳಿಗೆ ಇದು ಒಳ್ಳೆಯದು, ಸ್ಪಿನ್ ಆಡಲು ಕಲಿಯುವವರಿಗೆ ಅಷ್ಟೇನೂ ಉಪಯೋಗವಿಲ್ಲ. ವೇಗಿಗಳಿಗೆ ಪೂರ್ತಿ ಓಟಕ್ಕೆ ಜಾಗವಿಲ್ಲ, ಕಾಲಿನಡಿಯ ನೆಲವೂ ಗಟ್ಟಿ. ಅವರು ನಾಲ್ಕೈದು ಹೆಜ್ಜೆಯಿಂದ, ಗುರುತಿಟ್ಟ ಜಾಗಕ್ಕೆ ಕಡಿಮೆ ಚೆಂಡು ಎಸೆದರೆ ಸಾಕು. ಶನಿವಾರ ತಪ್ಪಿತೆಂದು ಭಾನುವಾರ ಎರಡರಷ್ಟು ಬೌಲಿಂಗ್ ಮಾಡಿಸಿದರೆ ಬೆಳೆಯುವ ಬೆನ್ನಿಗೆ ಅಪಾಯ. ಫೀಲ್ಡಿಂಗ್‌ನಲ್ಲಿ ಹಾರುವುದು, ಉರುಳುವುದು ಬೇಡ, ಹತ್ತಿರದ ಕ್ಯಾಚ್‌ಗಳಷ್ಟೇ ಇರಲಿ.

ಭಾನುವಾರ ಮಧ್ಯಾಹ್ನ ಮತ್ತೆ ಹನಿ ಬಿದ್ದರೂ ಸಿಮೆಂಟ್ ನೀರು ಕುಡಿಯುವುದಿಲ್ಲ. ವೈಪರ್ ಎಳೆದು ಸ್ವಲ್ಪ ಹೊತ್ತು ಬಿಟ್ಟರೆ ಒಣಗುತ್ತದೆ. ಹಸಿರು ಪಾಚಿ ಕಟ್ಟಿದ್ದರೆ ಮಾತ್ರ ಉಜ್ಜಿ ತೊಳೆಯುವವರೆಗೆ ಯಾರನ್ನೂ ಒಳಗೆ ಬಿಡಬಾರದು. ಎರಡು ಗಂಟೆಯ ಸಂದೇಶ ಬರೆಯುವ ಮುಂಚೆ ಕೋಚ್ ನೋಡಬೇಕಾದದ್ದು ಅದನ್ನೇ.