ಕಫದಲ್ಲಿ ಕ್ರಿಮಿ ಕಾಣದಿದ್ದರೂ ಮಾತ್ರೆ ಏಕೆ?

ಕ್ಷಯದ ಚಿಕಿತ್ಸೆ ಶುರುವಾಗಿ ಎರಡು ತಿಂಗಳಾದ ಮೇಲೆ ಕಫವನ್ನು ಮತ್ತೆ ಪರೀಕ್ಷಿಸುತ್ತಾರೆ. ಬಹಳಷ್ಟು ರೋಗಿಗಳಿಗೆ ಆಗ ನೆಗೆಟಿವ್ ಎಂಬ ವರದಿ ಬರುತ್ತದೆ. ಅಷ್ಟರಲ್ಲಿ ಜ್ವರ ಬಿಟ್ಟಿರುತ್ತದೆ, ಕೆಮ್ಮು ತಗ್ಗಿರುತ್ತದೆ, ಊಟ ಸೇರುತ್ತಿರುತ್ತದೆ. ಆದರೂ ಇನ್ನು ನಾಲ್ಕು ತಿಂಗಳು ಮಾತ್ರೆ ನುಂಗಬೇಕು ಎನ್ನುತ್ತಾರೆ ವೈದ್ಯರು. ರೋಗವೇ ಕಾಣದಿದ್ದ ಮೇಲೆ ಔಷಧ ಏಕೆ? ಇದಕ್ಕೆ ಉತ್ತರ ಆ ಕ್ರಿಮಿಯ ಮೈಕವಚದಲ್ಲೂ ನಾವು ಅದನ್ನು ಪತ್ತೆಹಚ್ಚುವ ವಿಧಾನದಲ್ಲೂ ಇದೆ.

ಕ್ಷಯದ ಬ್ಯಾಕ್ಟೀರಿಯಾ ಸಣ್ಣ ಕಡ್ಡಿಯಂತಿದ್ದು, ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಭಾಗ ಮಾತ್ರ. ಅದರ ಹೊರಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಕೊಬ್ಬಿನ ಪದಾರ್ಥ ದಟ್ಟವಾಗಿ ತುಂಬಿದೆ. ನಮ್ಮ ಅಡುಗೆ ಎಣ್ಣೆಯ ಕೊಬ್ಬಿನಾಮ್ಲದ ಸರಪಳಿಯಲ್ಲಿ ಸಾಮಾನ್ಯವಾಗಿ 16 ಅಥವಾ 18 ಇಂಗಾಲದ ಪರಮಾಣುಗಳಿದ್ದರೆ, ಇದರಲ್ಲಿ 60ರಿಂದ 90ರಷ್ಟು ಇರುತ್ತವೆ. ಮೇಣ ಸವರಿದ ಬಟ್ಟೆಗೆ ನೀರು ಹೇಗೆ ಇಳಿಯುವುದಿಲ್ಲವೋ ಹಾಗೆ ಈ ಗೋಡೆಯೊಳಕ್ಕೆ ಬಣ್ಣವಾಗಲಿ ಔಷಧವಾಗಲಿ ಸುಲಭವಾಗಿ ಇಳಿಯುವುದಿಲ್ಲ.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಈ ಕ್ರಿಮಿಯನ್ನು ಜಗತ್ತಿಗೆ ತೋರಿಸಿದರು. ಅದೇ ವರ್ಷ ಪಾಲ್ ಎರ್ಲಿಕ್ ಒಂದು ವಿಶೇಷವನ್ನು ಗಮನಿಸಿದರು. ಒಮ್ಮೆ ಬಣ್ಣ ಹಿಡಿದ ಮೇಲೆ ಈ ಕ್ರಿಮಿ ಆಮ್ಲದಲ್ಲಿ ತೊಳೆದರೂ ಅದನ್ನು ಬಿಟ್ಟುಕೊಡುವುದಿಲ್ಲ. ಜೀಲ್ ಮತ್ತು ನೀಲ್ಸನ್ ಎಂಬ ವೈದ್ಯರು ಪಕ್ವಗೊಳಿಸಿದ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಲ್ಯಾಬ್‌ನಲ್ಲಿ ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಬೆಂಕಿಗೆ ತೋರಿಸಿ ಅಂಟಿಸುತ್ತಾರೆ. ಅದರ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು ಕೆಳಗಿನಿಂದ ಕಾಯಿಸುತ್ತಾರೆ. ಹಬೆ ಏಳಬೇಕು, ಕುದಿಯಬಾರದು. ಕಾವಿಗೆ ಮೇಣ ಸಡಿಲವಾಗಿ ಬಣ್ಣ ಒಳಗಿಳಿಯುತ್ತದೆ. ಐದು ನಿಮಿಷದ ಬಳಿಕ ತೊಳೆದು ಶೇ. 25ರ ಗಂಧಕಾಮ್ಲ ಹಾಕಿದರೆ ಉಳಿದೆಲ್ಲದರ ಕೆಂಪು ಹೋಗುತ್ತದೆ, ಕ್ಷಯದ ಕ್ರಿಮಿಯದ್ದು ಉಳಿಯುತ್ತದೆ. ಕೊನೆಗೆ ಅರ್ಧ ನಿಮಿಷ ನೀಲಿ ಬಣ್ಣ. ಸೂಕ್ಷ್ಮದರ್ಶಕದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು ಎದ್ದು ಕಾಣುತ್ತವೆ.

ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಕ್ರಿಮಿಗಳಾದರೂ ಇದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಮೊದಲ ಸಲ ‘2+’ ವರದಿ ಬಂದ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಆಗ ಸೂಕ್ಷ್ಮದರ್ಶಕದ ಒಂದೊಂದು ನೋಟಕ್ಕೂ ಒಂದರಿಂದ ಹತ್ತು ಕ್ರಿಮಿ ಕಂಡಿರುತ್ತವೆ. ಎರಡು ತಿಂಗಳ ಬಳಿಕ ಮಿಲಿಲೀಟರಿಗೆ 4,000 ಕ್ರಿಮಿ ಉಳಿದಿವೆ ಎನ್ನೋಣ. ಐದು ಮಿಲಿಲೀಟರ್ ಕಫದಲ್ಲಿ ಇಪ್ಪತ್ತು ಸಾವಿರ ಕ್ರಿಮಿಗಳಿದ್ದರೂ ವರದಿ ನೆಗೆಟಿವ್ ಎಂದೇ ಬರಬಹುದು. ಇದಕ್ಕೆ ತದ್ವಿರುದ್ಧವೂ ಉಂಟು. ಸತ್ತ ಕ್ರಿಮಿಯೂ ಕೆಂಪಾಗಿ ಕಾಣುವುದರಿಂದ, ಎರಡು ತಿಂಗಳಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಔಷಧ ಸೋತಿದೆ ಎನ್ನಲಾಗದು. ಕ್ರಿಮಿ ಬದುಕಿದೆಯೇ ಎಂದು ತಿಳಿಯಲು ಅದನ್ನು ಬೆಳೆಸಿ ನೋಡಬೇಕು. ಅದಕ್ಕೆ ವಾರಗಟ್ಟಲೆ ಬೇಕು.

ಅಷ್ಟು ಸಮಯ ಹಿಡಿಯುವುದು ಇದರ ನಿಧಾನ ಬೆಳವಣಿಗೆಯಿಂದ. ಕರುಳಿನ ಇ. ಕೋಲೈ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಇಬ್ಭಾಗವಾಗುತ್ತದೆ. ಇದಕ್ಕೆ ಹದಿನೈದಿಪ್ಪತ್ತು ಗಂಟೆ ಬೇಕು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಲು ಮುಖ್ಯ ಕಾರಣವೂ ಇದರ ಹತ್ತಿರವೇ ಇದೆ. ಐಸೋನಿಯಾಜಿಡ್ ಎಂಬ ಔಷಧ ಮೈಕೋಲಿಕ್ ಆಮ್ಲದ ತಯಾರಿಕೆಯನ್ನೇ ತಡೆಯುತ್ತದೆ. ಹಾಗಾಗಿ ಹೊಸ ಗೋಡೆ ಕಟ್ಟುತ್ತಾ ವೃದ್ಧಿಯಾಗುತ್ತಿರುವ ಕ್ರಿಮಿಗಳನ್ನು ಮೊದಲ ಕೆಲವೇ ದಿನಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಕೊಲ್ಲುತ್ತದೆ. ಆದರೆ ಶ್ವಾಸಕೋಶದ ಗಾಯಗಳಲ್ಲಿ ಕೆಲವು ಕ್ರಿಮಿಗಳು ಬೆಳೆಯುವುದನ್ನೇ ನಿಲ್ಲಿಸಿ ಸುಮ್ಮನಿರುತ್ತವೆ. ಗೋಡೆ ಕಟ್ಟದ ಕ್ರಿಮಿಯ ಮುಂದೆ ಐಸೋನಿಯಾಜಿಡ್ ಹೆಚ್ಚೇನೂ ಮಾಡಲಾರದು. ಅವು ಆಗಾಗ ತುಸು ಚುರುಕಾದಾಗ ಕೊಲ್ಲಲು ರಿಫಾಂಪಿಸಿನ್ ರಕ್ತದಲ್ಲಿ ಸಿದ್ಧವಾಗಿರಬೇಕು. ಪೈರಜಿನಮೈಡ್ ಆಮ್ಲೀಯ ಜಾಗಗಳಲ್ಲಿ ಅಡಗಿದವನ್ನು ಹಿಡಿಯುತ್ತದೆ. ಇವುಗಳ ಜೊತೆ ಎಥಾಂಬ್ಯುಟಾಲ್ ಸೇರಿ ಎರಡು ತಿಂಗಳು ನಾಲ್ಕು ಔಷಧ. ಆಮೇಲೆ ಪೈರಜಿನಮೈಡ್ ಬಿಟ್ಟು ನಾಲ್ಕು ತಿಂಗಳು ಮೂರು ಔಷಧ. ಸಾಮಾನ್ಯ ಶ್ವಾಸಕೋಶದ ಕ್ಷಯಕ್ಕೆ ನಮ್ಮ ದೇಶದ ಕ್ರಮ ಇದು.

ಅವಧಿ ತಗ್ಗಿಸುವ ಪ್ರಯತ್ನ ನಡೆಯದೆ ಇಲ್ಲ. ಮಾಕ್ಸಿಫ್ಲಾಕ್ಸಸಿನ್ ಸೇರಿಸಿ ನಾಲ್ಕೇ ತಿಂಗಳಿಗೆ ಮುಗಿಸಿದ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಫ ಬೇಗ ಶುದ್ಧವಾಯಿತು, ಆದರೆ ಔಷಧ ನಿಲ್ಲಿಸಿದ ಮೇಲೆ ರೋಗ ಮರುಕಳಿಸಿದವರು ಆರು ತಿಂಗಳ ಗುಂಪಿಗಿಂತ ಹೆಚ್ಚಾಗಿದ್ದರು. ರಿಫಾಪೆಂಟಿನ್ ಕೂಡ ಸೇರಿಸಿದ ಬೇರೊಂದು ನಾಲ್ಕು ತಿಂಗಳ ಕ್ರಮ 2021ರಲ್ಲಿ ಯಶಸ್ವಿಯಾಯಿತು. ಅಂದರೆ ಅವಧಿ ಕುಗ್ಗಬಹುದು, ಆದರೆ ಅದನ್ನು ನಿರ್ಧರಿಸುವುದು ಕಫದ ಒಂದು ವರದಿಯಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡನೇ ತಿಂಗಳ ಕೊನೆಯಲ್ಲಿ ಅವರನ್ನು ಹೆಚ್ಚು ಗಮನಿಸಿ. ಬಿಟ್ಟು ಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ಕ್ರಿಮಿಗಳು ಉಳಿದು ಬೆಳೆಯುತ್ತವೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್‌ನಿಂದ, ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಕೂಡಲೇ ವೈದ್ಯರಿಗೆ ತೋರಿಸಿ. ಉಳಿದಂತೆ, ವೈದ್ಯರು ಸಾಕು ಎನ್ನುವವರೆಗೆ ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.