ಕಾಲಡಿಯ ಹುಕ್ಕು, ತಲೆ ಮೇಲಿನ ಹುಕ್ಕು

ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಸೈಟು. ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ರಾಯಚೂರು, ಯಾದಗಿರಿ ಕಡೆಯಿಂದ ಹಿಂದಿನ ರಾತ್ರಿಯಷ್ಟೇ ಬಂದಿಳಿದ ಹದಿನೆಂಟು ಮಂದಿ ಸಾಲಾಗಿ ನಿಂತಿದ್ದರು. ತಲೆಗೆ ಹೆಲ್ಮೆಟ್, ಹೆಗಲ ಮೇಲೆ ಪ್ಲಾಸ್ಟಿಕ್ ಚೀಲದಿಂದ ಆಗತಾನೇ ತೆಗೆದ ಸೇಫ್ಟಿ ಬೆಲ್ಟು. ಸೈಟ್ ಎಂಜಿನಿಯರ್ ಮಾತಾಡಿದ್ದು ಹೆಚ್ಚೆಂದರೆ ಕಾಲು ಗಂಟೆ. ಶೂ, ಗ್ಲೌಸು, ಕರೆಂಟ್ ಬೋರ್ಡು, ಕ್ರೇನಿನ ಕೆಳಗೆ ನಿಲ್ಲಬಾರದು ಎಂಬುದೆಲ್ಲ ಐದು ನಿಮಿಷಕ್ಕೆ ಮುಗಿಯಿತು. ಉಳಿದ ಹತ್ತು ನಿಮಿಷವನ್ನು ಅವರು ಒಂದು ಹುಕ್ಕಿಗೆ ಕೊಟ್ಟರು. ಅಂಥ ಭಾಷಣಗಳನ್ನು ನಾನು ಕೇಳಿದ್ದೇನೆ; ಸಾಮಾನ್ಯವಾಗಿ 'ಬೆಲ್ಟ್ ಹಾಕ್ಕೊಳ್ಳಿ' ಎಂಬಲ್ಲಿಗೆ ಮುಗಿದುಹೋಗುತ್ತವೆ. ಇವರು ಅಲ್ಲಿಂದಲೇ ಶುರು ಮಾಡಿದರು.

"ಬೆಲ್ಟ್ ಎಲ್ಲರೂ ಹಾಕ್ತೀರಿ, ನಂಗೊತ್ತು. ಹಾಕದಿದ್ರೆ ಸೆಕ್ಯುರಿಟಿ ಒಳಗೇ ಬಿಡಲ್ಲ. ಮೇಲೆ ಹೋದ ಮೇಲೆ ಹುಕ್ ಎಲ್ಲಿ ಹಾಕ್ತೀರಿ, ಅದನ್ನ ಹೇಳಿ."

ಸಾಲಿನ ಹುಡುಗನೊಬ್ಬ ಕಾಲಿನ ಬಳಿ ಕೈ ತೋರಿಸಿದ. "ಕೆಳಗಿನ ಪೈಪಿಗೆ ಹಾಕೋದ್ರಿ ಸರ. ಓಡಾಡಾಕ ಸಲೀಸು ಆಗ್ತದ."

ಎಂಜಿನಿಯರ್ ಜೇಬಿನಿಂದ ಸೀಮೆಸುಣ್ಣ ತೆಗೆದು, ಪಕ್ಕದ ಕಾಲಮ್ಮಿನ ಹತ್ತಿರ ಹೋದರು. ಮೊದಲ ಮಹಡಿಯ ಸ್ಲ್ಯಾಬು ನೆಲದಿಂದ 3 ಮೀಟರ್ ಎತ್ತರದಲ್ಲಿತ್ತು. ಟೇಪು ಹಿಡಿದು ಕಾಲಮ್ಮಿನ ಮೇಲೆ ಒಂದೊಂದೇ ಗೆರೆ ಎಳೆಯುತ್ತಾ ಹೋದರು. ಆ ಗೆರೆಗಳ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಲ್ಟಿನ ಹಗ್ಗ ಜೋಡಣೆಯಾಗುವುದು ಬೆನ್ನ ಮೇಲೆ, ಎರಡು ಭುಜದ ಎಲುಬುಗಳ ನಡುವಿನ ಉಕ್ಕಿನ ಡಿ-ರಿಂಗಿಗೆ. ನಿಂತ ಮನುಷ್ಯನ ಪಾದದಿಂದ ಅದು ಸುಮಾರು 1.5 ಮೀಟರ್ ಮೇಲಿರುತ್ತದೆ. ನಮ್ಮ ಸೈಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಹಗ್ಗದ ಉದ್ದ 1.8 ಮೀಟರ್. ಆ ಹುಡುಗ ಹೇಳಿದಂತೆ ಹುಕ್ಕನ್ನು ಕಾಲಿನ ಮಟ್ಟದಲ್ಲಿ ಸಿಕ್ಕಿಸಿ, ಸ್ಲ್ಯಾಬಿನ ಅಂಚಿನಿಂದ ಜಾರಿದ ಎಂದುಕೊಳ್ಳಿ. ಡಿ-ರಿಂಗು ಮೊದಲು ಹುಕ್ಕಿನ ಮಟ್ಟಕ್ಕೆ ಬರಲು 1.5 ಮೀಟರ್ ಬೀಳಬೇಕು. ಅಲ್ಲಿಂದ ಹಗ್ಗ ಬಿಗಿಯಾಗಲು ಇನ್ನೊಂದು 1.8 ಮೀಟರ್. ಒಟ್ಟು 3.3 ಮೀಟರ್ ಬಿದ್ದ ಮೇಲೆ ಹಗ್ಗ ಅವನನ್ನು ಹಿಡಿಯಲು ಶುರು ಮಾಡುತ್ತದೆ. ಆದರೆ ಸ್ಲ್ಯಾಬಿನ ಎತ್ತರವೇ 3 ಮೀಟರ್! ಹಗ್ಗದಲ್ಲಿ ಇನ್ನೂ ಒಂದು ಅಡಿಯಷ್ಟು ಸಡಿಲ ಉಳಿದಿರುವಾಗಲೇ ಪಾದ ನೆಲಕ್ಕೆ ಬಡಿದಿರುತ್ತದೆ. ಆಗ ವೇಗ ಗಂಟೆಗೆ ಹೆಚ್ಚುಕಡಿಮೆ 28 ಕಿಲೋಮೀಟರ್. ಅಷ್ಟಕ್ಕೆ ಹಿಡಿದ ಸಮಯ ಮುಕ್ಕಾಲು ಸೆಕೆಂಡಿಗಿಂತ ಚೂರು ಜಾಸ್ತಿ. ಬೆಲ್ಟು ಹೊಸದು, ಹುಕ್ಕು ಭದ್ರ, ಪೈಪೂ ಗಟ್ಟಿ. ಆದರೂ ಬೆಲ್ಟೇ ಹಾಕದವನಿಗೂ ಇವನಿಗೂ ವ್ಯತ್ಯಾಸವಿಲ್ಲ.

ಎಂಜಿನಿಯರ್ ಕೊನೆಯ ಗೆರೆಯನ್ನು ಕಾಲಮ್ಮಿನ ಮೇಲೆ ಎಳೆಯಲಾಗಲಿಲ್ಲ. ಅದು ನೆಲದೊಳಗೆ ಒಂದಡಿ ಕೆಳಗೆ ಬರಬೇಕಿತ್ತು. ಬೂಟಿನ ತುದಿಯಿಂದ ಮಣ್ಣು ಕುಟ್ಟಿ ತೋರಿಸಿದರು. ಯಾರೂ ನಗಲಿಲ್ಲ.

ಹಾಗಾದರೆ ಹುಕ್ಕು ಎದೆಮಟ್ಟದಲ್ಲಿದ್ದರೆ? ಡಿ-ರಿಂಗಿನ ಸಮಕ್ಕೆ ಸಿಕ್ಕಿಸಿದರೆ ಬೀಳುವುದು ಹಗ್ಗದ ಉದ್ದದಷ್ಟೇ, 1.8 ಮೀಟರ್. ಅಲ್ಲಿಂದಾಚೆ ಅವನನ್ನು ನಿಲ್ಲಿಸುವ ಕೆಲಸ ಇನ್ನೊಂದು ಚಿಕ್ಕ ವಸ್ತುವಿನದು. ಹಗ್ಗದ ಒಂದು ತುದಿಯಲ್ಲಿ ಅಂಗೈ ಗಾತ್ರದ ದಪ್ಪನೆಯ ಪೊಟ್ಟಣ ಇರುತ್ತದಲ್ಲ, ಅದು. ಬಹಳ ಮಂದಿ ಅದನ್ನು ಬರಿಯ ಲೇಬಲ್ಲಿನ ಚೀಲ ಎಂದುಕೊಂಡಿರುತ್ತಾರೆ. ಒಳಗಿರುವುದು ಮಡಿಚಿ ಮಡಿಚಿ ಒಟ್ಟಿಗೆ ಹೊಲಿದ ಪಟ್ಟಿ. ಹೊಲಿಗೆಯನ್ನು ಬೇಕೆಂದೇ ಹರಿಯುವಂತೆ ಹಾಕಿರುತ್ತಾರೆ.

ಹರಿಯುವುದರಿಂದ ಏನು ಲಾಭ? ಬೀಳುತ್ತಿರುವ ದೇಹವನ್ನು ಎಷ್ಟು ಕಡಿಮೆ ದೂರದಲ್ಲಿ ನಿಲ್ಲಿಸುತ್ತೀರೋ ಎಳೆತ ಅಷ್ಟು ಹೆಚ್ಚು. ಆಳು, ಅವನ ಸಲಕರಣೆ ಸೇರಿ 80 ಕಿಲೋ ಅನ್ನಿ. ಪೊಟ್ಟಣವಿಲ್ಲದ ಬರೀ ಹಗ್ಗ, ಪಟ್ಟಿ ಎಲ್ಲ ಸೇರಿ 10 ಸೆಂಟಿಮೀಟರ್ ಹಿಗ್ಗಿ ಅವನನ್ನು ನಿಲ್ಲಿಸಿತು ಎಂದುಕೊಂಡರೆ, ಆ ಕ್ಷಣದಲ್ಲಿ ಅವನ ಮೈ ಮೇಲೆ ಬೀಳುವ ಎಳೆತ ಸರಾಸರಿ ಒಂದೂವರೆ ಟನ್ ತೂಕದ್ದು. ಅಂದರೆ ಅವನದೇ ತೂಕದ ಹತ್ತೊಂಬತ್ತು ಪಟ್ಟು. ಅಷ್ಟನ್ನು ಸೊಂಟಪಟ್ಟಿಯೊಂದೇ ಹಿಡಿದರೆ ದೇಹ ಮಡಿಚಿ, ಬೆನ್ನುಹುರಿಗೂ ಹೊಟ್ಟೆಯೊಳಗಿನ ಅಂಗಗಳಿಗೂ ಪೆಟ್ಟಾಗುತ್ತದೆ. ಹಳೆಯ ಸೊಂಟದ ಬೆಲ್ಟು ಹೋಗಿ, ತೊಡೆ, ಸೊಂಟ, ಎದೆ, ಭುಜ ಎಲ್ಲಕ್ಕೂ ಹರಡಿಕೊಳ್ಳುವ ಈಗಿನ ಫುಲ್ ಬಾಡಿ ಬೆಲ್ಟು ಬಂದದ್ದು ಇದೇ ಕಾರಣಕ್ಕೆ. ಹಾಗಿದ್ದೂ ಒಂದೂವರೆ ಟನ್ ಬಹಳ ಹೆಚ್ಚಾಯಿತು. ಯುರೋಪಿನ ಮಾನಕಗಳು 6 ಕಿಲೋನ್ಯೂಟನ್, ಅಂದರೆ ಸುಮಾರು 600 ಕಿಲೋ ತೂಕದಷ್ಟು ಎಳೆತವನ್ನು ಮೀರಬಾರದೆನ್ನುತ್ತವೆ.

ಪೊಟ್ಟಣದ ಹೊಲಿಗೆಗಳು ಒಂದರ ಹಿಂದೊಂದು ಪಟಪಟ ಹರಿಯುವಾಗ, ಮಡಿಕೆ ಬಿಚ್ಚಿ ಹಗ್ಗ ಉದ್ದವಾಗುತ್ತಾ ಹೋಗುತ್ತದೆ. ಸುಮಾರು 400 ಕಿಲೋ ಎಳೆತಕ್ಕೆ ಹರಿಯುವ ಪೊಟ್ಟಣವಾದರೆ, 1.8 ಮೀಟರ್ ಬಿದ್ದ ನಮ್ಮ ಆಳನ್ನು ನಿಲ್ಲಿಸಲು ಅದು ಇನ್ನೂ 45 ಸೆಂಟಿಮೀಟರ್ ಬಿಚ್ಚಿಕೊಳ್ಳಬೇಕು. ಎಳೆತ ಅವನ ತೂಕದ ಐದು ಪಟ್ಟಿಗೆ ಇಳಿಯಿತು. ನೋವಾಗುತ್ತದೆ, ಪಟ್ಟಿಯ ಬಾಸುಂಡೆ ಏಳುತ್ತದೆ, ಆದರೆ ಜೀವ ಉಳಿಯುತ್ತದೆ. ಈ ಲೆಕ್ಕದಲ್ಲಿ ಬೆಲ್ಟಿನ ಪಟ್ಟಿಗಳು ಮೈಗೆ ಜಗ್ಗುವ 30 ಸೆಂಟಿಮೀಟರ್ ಸೇರಿಸಿದರೆ ಪಾದ ಬಂದು ನಿಲ್ಲುವುದು ಸ್ಲ್ಯಾಬಿನಿಂದ ಎರಡೂವರೆ ಮೀಟರ್ ಕೆಳಗೆ. ನೆಲಕ್ಕೆ ಉಳಿದದ್ದು ಅರ್ಧ ಮೀಟರ್. ಆ ಅರ್ಧ ಮೀಟರಿನಲ್ಲಿ ಒಂದು ಇಟ್ಟಿಗೆ ರಾಶಿಯೋ ನೆಟ್ಟಗೆ ನಿಂತ ಕಂಬಿಯೋ ಇದ್ದರೆ ಲೆಕ್ಕ ಕೆಟ್ಟಿತು.

ಅದೇ ಹುಕ್ಕು ತಲೆಯ ಮೇಲೆ, ಡಿ-ರಿಂಗಿಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಹಗ್ಗದಲ್ಲಿ ಸಡಿಲ ಇರುವುದೇ 30 ಸೆಂಟಿಮೀಟರ್. ಬೀಳುವುದೂ ಅಷ್ಟೇ. ಪೊಟ್ಟಣ ಬಿಚ್ಚಿಕೊಳ್ಳುವುದು ಅಬ್ಬಬ್ಬಾ ಎಂದರೆ ಒಂದು ಗೇಣು. ಮನುಷ್ಯ ಎಡವಿದಂತಾಗಿ ತೂಗಾಡುತ್ತಾನೆ, ಕೈ ಚಾಚಿದರೆ ಸ್ಲ್ಯಾಬಿನ ಅಂಚು ಸಿಗುತ್ತದೆ. ಅದೇ ಬೆಲ್ಟು, ಅದೇ ಹಗ್ಗ, ಅದೇ ಆಳು.

"ಸಾಹೇಬ್ರ, ಮ್ಯಾಲ ಹುಕ್ ಹಾಕಾಕ ಅಲ್ಲಿ ಏನೂ ಇರಂಗಿಲ್ಲಲ್ರೀ?" ವಯಸ್ಸಾದವರೊಬ್ಬರು ಕೇಳಿದರು. ಈ ಕ್ಷೇತ್ರದ ಪಾಡೆಲ್ಲ ಆ ಪ್ರಶ್ನೆಯಲ್ಲಿತ್ತು. ಸ್ಲ್ಯಾಬಿನ ತುತ್ತತುದಿಯಲ್ಲಿ ಕೆಲಸ ಮಾಡುವವನ ತಲೆ ಮೇಲಿರುವುದು ಆಕಾಶ ಮಾತ್ರ.

"ನಿಜ ಯಜಮಾನ್ರೇ. ಅದಕ್ಕೇ ಕಾಲಮ್ ಕಂಬಿಗೆ ಸಿಕ್ಕಿಸ್ಬಿಡ್ತೀರಿ. ಅದು ಮೇಲೆ ಬಾಯಿ ಬಿಟ್ಕೊಂಡಿರೋ ಕಂಬಿ, ಹುಕ್ ಜಾರಿ ಹೊರಗೆ ಬರುತ್ತೆ. ರೇಲಿಂಗ್ ಪೈಪಿಗೂ ಬೇಡ. ನಿಮ್ಮ ಹುಕ್ ಇರೋ ಜಾಗಕ್ಕೆ ಒಂದು ಕಾರ್ ನೇತು ಹಾಕಿದ್ರೂ ತಡೀಬೇಕು, ಹಾಗೆ ಲೆಕ್ಕ ಹಾಕ್ಕೊಳ್ಳಿ."

ಕಾರಿನ ಮಾತು ಉತ್ಪ್ರೇಕ್ಷೆಯಲ್ಲ. 600 ಕಿಲೋ ಎಳೆತದ ಮಿತಿಗೆ ಎರಡು ಪಟ್ಟು ಭದ್ರತೆ ಇಟ್ಟರೆ 1200 ಕಿಲೋ ಆಯಿತು. ಅದಕ್ಕಾಗಿ ಆ ಸೈಟಿನಲ್ಲಿ ಕಾಲಮ್ಮಿನಿಂದ ಕಾಲಮ್ಮಿಗೆ ಉಕ್ಕಿನ ವೈರ್‌ರೋಪ್ ಎಳೆದಿದ್ದರು. ಅದಕ್ಕೆ ಲೈಫ್‌ಲೈನ್ ಎನ್ನುತ್ತಾರೆ. ಆಳುಗಳು ಅದಕ್ಕೆ ಹುಕ್ಕು ಹಾಕಿ ಉದ್ದಕ್ಕೂ ಸರಿಯುತ್ತಾ ಕೆಲಸ ಮಾಡಬಹುದು. ಇಲ್ಲೊಂದು ವಿಚಿತ್ರವಿದೆ. ತಂತಿಯನ್ನು ವೀಣೆಯ ತಂತಿಯಂತೆ ಬಿಗಿದಷ್ಟೂ ಒಳ್ಳೆಯದೆಂದು ಮೇಸ್ತ್ರಿಗಳಿಗೂ ಅನ್ನಿಸುತ್ತದೆ. ಬಟ್ಟೆ ಒಣಹಾಕುವ ತಂತಿಯ ನಡುವೆ ಒದ್ದೆ ಕಂಬಳಿ ಹಾಕಿ ನೋಡಿದವರಿಗೆ ಇದು ಗೊತ್ತು: ತಂತಿ ಬಿಗಿಯಾಗಿದ್ದಷ್ಟೂ ಗೋಡೆಯ ಮೊಳೆ ಬೇಗ ಕಿತ್ತು ಬರುತ್ತದೆ. 6 ಮೀಟರ್ ಅಂತರದ ತಂತಿಯ ನಡುವೆ ಒಬ್ಬ ಬಿದ್ದು 400 ಕಿಲೋ ಎಳೆತ ಬಂದಾಗ, ತಂತಿ 30 ಸೆಂಟಿಮೀಟರ್ ಮಾತ್ರ ಜೋತರೆ ಅದರೊಳಗಿನ ಬಿಗಿತ ಸುಮಾರು 2000 ಕಿಲೋ ಆಗುತ್ತದೆ. 60 ಸೆಂಟಿಮೀಟರ್ ಜೋಲುವಂತಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ಸಡಿಲ ಬಿಟ್ಟರೆ ಜೋತಷ್ಟೂ ಆಳು ಹೆಚ್ಚು ಕೆಳಗೆ ಹೋಗುತ್ತಾನೆ, ಮೇಲಿನ ನೆಲದ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು. ಆದ್ದರಿಂದ ಲೈಫ್‌ಲೈನ್ ಎಳೆಯುವುದು ಆಳುಗಳ ಅಂದಾಜಿನ ಕೆಲಸವಲ್ಲ, ಎಂಜಿನಿಯರಿನ ಲೆಕ್ಕದ ಕೆಲಸ. ಎರಡು ಕಾಲಮ್ಮುಗಳ ನಡುವೆ ಎಷ್ಟು ಜನ ಹುಕ್ಕು ಹಾಕಬಹುದೆಂಬುದನ್ನೂ ಅವರೇ ಹೇಳಬೇಕು. ಈ ಸೈಟಿನಲ್ಲಿ ಇಬ್ಬರು.

ಎರಡು ಹುಕ್ಕಿನ ಬೆಲ್ಟ್ ಯಾಕೆ ಎಂಬುದನ್ನು ಅವರು ಮಾತಿನಲ್ಲಿ ಹೇಳದೆ ಕಾಲಮ್ಮು ದಾಟಿ ತೋರಿಸಿದರು. ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಆಚೆ ಸಿಕ್ಕಿಸಬೇಕು. ತೆಂಗಿನ ಮರ ಹತ್ತುವವರು ಕೈ ಬಿಡುವ ಮೊದಲು ಕಾಲು ಊರುವ ಹಾಗೆ.

ಆಮೇಲೆ ಚೀಲದಿಂದ ಒಂದು ಹಳೆಯ ಹಗ್ಗ ತೆಗೆದು ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸಿದರು. ಮರಳಿನ ಮೂಟೆ ಕಟ್ಟಿ ಕೆಡವಿ ಪರೀಕ್ಷೆ ಮಾಡಿದ್ದ ಹಗ್ಗವದು. ಪೊಟ್ಟಣ ಬಾಯಿ ಬಿಟ್ಟು, ಒಳಗಿನ ಪಟ್ಟಿ ಮಾರುದ್ದ ಹೊರಗೆ ಬಿದ್ದು, ಅಂಚಿನಲ್ಲಿ ಹರಿದ ನೂಲುಗಳು ಹಲ್ಲಿನಂತೆ ಎದ್ದಿದ್ದವು. ಪೊಟ್ಟಣ ಒಮ್ಮೆ ಬಿಚ್ಚಿಕೊಂಡರೆ ಅದರ ಆಯಸ್ಸು ಮುಗಿಯಿತು, ಮತ್ತೆ ಮಡಿಚಿ ಹೊಲಿಸುವ ಹಾಗಿಲ್ಲ. ಪೂರ್ತಿ ಬಿಚ್ಚದೆ ಎರಡು ಬೆರಳಷ್ಟು ಮಾತ್ರ ಹೊರಗೆ ಇಣುಕಿದ್ದರೂ ಅದು ಯಾರನ್ನೋ ಒಮ್ಮೆ ಹಿಡಿದಿದೆ ಎಂದೇ ಅರ್ಥ, ಸ್ಟೋರಿಗೆ ವಾಪಸ್ ಕೊಡಬೇಕು. ಪಟ್ಟಿಯಲ್ಲಿ ವೆಲ್ಡಿಂಗ್ ಕಿಡಿ ಬಿದ್ದ ಗಟ್ಟಿ ಚುಕ್ಕೆಗಳು, ಬಿಸಿಲಿಗೆ ಬಣ್ಣ ಹೋಗಿ ಬಿರುಸಾದ ಭಾಗ, ಹಸಿ ಸಿಮೆಂಟು ಮೆತ್ತಿ ಒಣಗಿದ ಜಾಗ ಇವನ್ನೂ ಬೆರಳಾಡಿಸಿ ಹುಡುಕಬೇಕು. ಬೆಲ್ಟಿನ ಪಟ್ಟಿ ಸಾಮಾನ್ಯವಾಗಿ ಪಾಲಿಯೆಸ್ಟರ್ ನೂಲಿನದು, ಸಿಮೆಂಟಿನ ಕ್ಷಾರ ಅದನ್ನು ನಿಧಾನಕ್ಕೆ ತಿನ್ನುತ್ತದೆ.

ಕೊನೆಗೆ, ಹೆಚ್ಚಿನ ಭಾಷಣಗಳಲ್ಲಿ ಬಾರದೇ ಹೋಗುವ ಮಾತೊಂದು ಬಂತು. "ಬಿದ್ದೋನು ಬೆಲ್ಟಲ್ಲಿ ನೇತಾಡ್ತಾ ಇದಾನೆ. ಜೀವ ಉಳೀತು ಅಂತ ಟೀ ಕುಡಿಯಕ್ಕೆ ಹೋಗ್ಬೇಡಿ."

ಅಲುಗಾಡದೆ ನೇತಾಡುವ ದೇಹದಲ್ಲಿ ರಕ್ತ ಕಾಲುಗಳಲ್ಲೇ ನಿಲ್ಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತಿರುತ್ತವೆ. ಇಲ್ಲಿ ಆ ಪಂಪು ನಿಂತಿದೆ, ತೊಡೆಯ ಪಟ್ಟಿ ಬೇರೆ ಒತ್ತುತ್ತಿದೆ. ತಲೆಗೆ ಹೋಗುವ ರಕ್ತ ಕಡಿಮೆಯಾಗಿ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು. ನೆಲದ ಮೇಲೆ ಎಚ್ಚರ ತಪ್ಪಿದವನು ಬಿದ್ದು ಅಡ್ಡವಾಗುತ್ತಾನೆ, ರಕ್ತ ತಾನಾಗಿ ತಲೆಗೆ ಹರಿಯುತ್ತದೆ. ನೇತಾಡುವವನಿಗೆ ಅಡ್ಡ ಬೀಳುವ ಅವಕಾಶವೂ ಇಲ್ಲ. ಆದ್ದರಿಂದ ಎಚ್ಚರವಿರುವವನು ಸೈಕಲ್ ತುಳಿದಂತೆ ಕಾಲು ಆಡಿಸುತ್ತಿರಬೇಕು, ಏನಾದರೂ ಸಿಕ್ಕಿದರೆ ಪಾದ ಊರಿ ಒತ್ತಬೇಕು. ಉಳಿದವರು ಅಗ್ನಿಶಾಮಕದವರಿಗೆ ಕಾಯುತ್ತಾ ಕೂರದೆ ಅವನನ್ನು ಇಳಿಸಬೇಕು. ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂಬ ಸಲಹೆ ಹಿಂದೆ ಚಾಲ್ತಿಯಲ್ಲಿತ್ತು. ಅದಕ್ಕೆ ಆಧಾರವಿಲ್ಲವೆಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ ಅದನ್ನು ಕೈಬಿಟ್ಟಿದೆ. ಎಚ್ಚರ ತಪ್ಪಿದವನನ್ನು ಮಾಮೂಲಿನಂತೆ ಮಲಗಿಸಿ, ಉಸಿರು ನೋಡಿ, ಆಸ್ಪತ್ರೆಗೆ ಸಾಗಿಸುವುದೇ ಸರಿ.

"ಇಳಿಸೋ ಏಣಿ ಬಿ ಬ್ಲಾಕ್ ಸ್ಟೋರಲ್ಲಿದೆ. ಬೀಗ ಹಾಕಿರಲ್ಲ. ಈಗ ಎಲ್ರೂ ಬೆಲ್ಟ್ ಹಾಕ್ಕೊಳ್ಳಿ, ನಾನು ನೋಡ್ತೀನಿ."

ಸಾಲಿನಲ್ಲಿ ಒಬ್ಬೊಬ್ಬರ ತೊಡೆಪಟ್ಟಿಯೊಳಗೂ ಅಂಗೈ ತೂರಿಸಿ ನೋಡುತ್ತಾ ಬಂದರು. ಅಂಗೈ ಚಪ್ಪಟೆಯಾಗಿ ಹೋಗಬೇಕು, ಮುಷ್ಟಿ ಹೋಗಬಾರದು. ಕೆಳಗಿನ ಪೈಪು ಸಲೀಸು ಎಂದಿದ್ದ ಹುಡುಗನ ಪಟ್ಟಿಯೊಳಗೆ ಮುಷ್ಟಿ ಆರಾಮಾಗಿ ಹೋಯಿತು. ಅವರು ಬಕಲ್ಲು ಎಳೆದು ಬಿಗಿ ಮಾಡುತ್ತಿರುವಾಗ ಅವನು ಮಾತ್ರ ಕತ್ತೆತ್ತಿ, ಸ್ಲ್ಯಾಬಿನ ಅಂಚಿನಿಂದ ಮೇಲಕ್ಕೆ ವೈರ್‌ರೋಪು ಎಲ್ಲಿ ಶುರುವಾಗುತ್ತದೆಂದು ನೋಡುತ್ತಿದ್ದ.