‘ಯಾವಾಗ ಬೇಕಾದರೂ ಸರಿ’ ಅನ್ನುವುದು ವಿನಯವಲ್ಲ

ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿ, ಸಂದರ್ಶನಕ್ಕೆ ದಿನ ಗೊತ್ತುಮಾಡುವುದು ನನ್ನ ಕೆಲಸ. ಮನೆಯಲ್ಲಿ ಏನೋ ಅವಘಡವಾಗಿದೆ, ಬೇರೆ ದಿನ ಕೊಡಿ ಎಂದು ಕೇಳುವ ಮೇಲ್‌ಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಬಹಳಷ್ಟು ಮುಗಿಯುವುದು ಒಂದೇ ಮಾತಿನಿಂದ: ‘ನಿಮಗೆ ಅನುಕೂಲವಾದ ಯಾವ ಸಮಯವಾದರೂ ನನಗೆ ಸರಿ.’ ಕೆಲಸ ಕೇಳುವವರು ತಾವೇ ಸಮಯ ಸೂಚಿಸಿದರೆ ಅಧಿಕಪ್ರಸಂಗವಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯಿಂದ ಕೈತಪ್ಪಿದ ಅವಕಾಶಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಸಂದರ್ಶನ ಮಾಡುವವಳು ನಾನಲ್ಲ. ಕೂರುವವರು ಇಬ್ಬರೋ ಮೂವರೋ ಇರುತ್ತಾರೆ, ಅವರಿಗೆಲ್ಲ ಬೇರೆ ಕೆಲಸಗಳಿವೆ. ಅವರು ಒಟ್ಟಿಗೆ ಬಿಡುವಾಗಿರುವ ಒಂದು ಗಂಟೆಯನ್ನು ಕ್ಯಾಲೆಂಡರಿನಲ್ಲಿ ಹುಡುಕುವುದೇ ನನಗೆ ದೊಡ್ಡ ಪಾಡು. ‘ಯಾವಾಗಲಾದರೂ ಸರಿ’ ಎಂಬ ಮಾತು ಆ ಹುಡುಕಾಟವನ್ನು ಸ್ವಲ್ಪವೂ ಕಿರಿದಾಗಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯಲ್ಲಿ ಕೂತವರ ಮಟ್ಟಿಗೆ ಆ ಮಾತು ನಿಜವೂ ಅಲ್ಲ.

ಹಾಸನದ ಹುಡುಗನೊಬ್ಬನಿಗೆ ಜೂನ್ 12, ಗುರುವಾರ ಬೆಳಿಗ್ಗೆ 11ಕ್ಕೆ ಆನ್‌ಲೈನ್ ಸಂದರ್ಶನ ಇತ್ತು. ಅಂದು ಬೆಳಗಿನ ಜಾವ ಅವನ ತಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವನು ಎಂಟು ಗಂಟೆಗೇ ಫೋನ್ ಮಾಡಿ ತಿಳಿಸಿದ, ಅದು ಸರಿಯಾಗಿಯೇ ಇತ್ತು. ಕೆಲವೇ ಗಂಟೆಗಳು ಉಳಿದಿರುವಾಗ ಮೇಲ್ ನಂಬಿ ಕೂರಬಾರದು, ಕರೆ ಮಾಡಿ ಆಮೇಲೆ ಬರೆಯಬೇಕು. ಆದರೆ ಬರೆದಾಗ ಅವನೂ ಅದೇ ಮಾತು ಸೇರಿಸಿದ. ನಾನು ಮೂವರನ್ನು ಕಾಡಿ ಬೇಡಿ ಮರುದಿನ ಮಧ್ಯಾಹ್ನ ಮೂರಕ್ಕೆ ಹೊಂದಿಸಿದೆ. ಮರುದಿನ ಹನ್ನೆರಡಕ್ಕೆ ಮತ್ತೆ ಫೋನ್: ಆಪರೇಷನ್ ಅದೇ ಮಧ್ಯಾಹ್ನ ಅಂತೆ. ಹುಡುಗ ಸುಳ್ಳು ಹೇಳಿರಲಿಲ್ಲ. ಬರೆಯುವಾಗ ಅವನಿಗೇ ಗೊತ್ತಿರಲಿಲ್ಲ. ಎರಡು ಸಲ ಮುಂದೂಡಿದ ಅಭ್ಯರ್ಥಿ ಎಂಬ ಹಣೆಪಟ್ಟಿ ಮಾತ್ರ ಅಂಟಿಕೊಂಡಿತು.

‘ಮೊದಲು ಡಾಕ್ಟರನ್ನು ಕೇಳು, ಅಪ್ಪನ ಹತ್ತಿರ ಯಾವ ಹೊತ್ತಿಗೆ ಯಾರು ಇರುತ್ತಾರೆ ಅಂತ ಅಕ್ಕನ ಹತ್ತಿರ ಮಾತಾಡು, ಆಮೇಲೆ ಬರಿ’ ಅಂದೆ. ಸಂಜೆ ಅದೇ ಹಳೆಯ ಮೇಲ್‌ಗೆ ಉತ್ತರವಾಗಿ ಹೀಗೆ ಬರೆದ. ಅವನು ಬರೆದದ್ದು ಇಂಗ್ಲಿಷಿನಲ್ಲಿ, ತಿರುಳು ಇದು:

‘ತಂದೆಯವರ ಆಪರೇಷನ್ ಇಂದು ಆಯಿತು. ನಿಮಗೆ ಎರಡು ಸಲ ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ. ಕೆಳಗಿನ ಮೂರು ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಅಕ್ಕ ಇರುತ್ತಾಳೆ, ನಾನು ಮನೆಯಿಂದ ಮಾತಾಡಬಲ್ಲೆ. ಜೂನ್ 16 ಸೋಮವಾರ ಸಂಜೆ 4ರಿಂದ 6, ಜೂನ್ 17 ಮಂಗಳವಾರ ಬೆಳಿಗ್ಗೆ 10ರಿಂದ 12, ಅದೇ ದಿನ ಮಧ್ಯಾಹ್ನ 2ರಿಂದ 5. ಎಲ್ಲವೂ ಭಾರತೀಯ ಕಾಲಮಾನ. ನಿಮ್ಮ ಉತ್ತರ ಬರುವವರೆಗೆ ಈ ಮೂರನ್ನೂ ಖಾಲಿ ಇಟ್ಟಿರುತ್ತೇನೆ.’

ಇದರಲ್ಲಿ ಅಧಿಕಪ್ರಸಂಗ ಎಲ್ಲಿದೆ? ಸಂದರ್ಶನ ಒಂದು ಗಂಟೆಯದಾದರೂ ಅವನು ಎರಡು, ಮೂರು ಗಂಟೆಯ ಅವಕಾಶ ಕೊಟ್ಟಿದ್ದಾನೆ. ಹಾಗಾಗಿ ಅದರೊಳಗೆ ಅತ್ತಿತ್ತ ಸರಿಸಲು ನನಗೆ ಜಾಗವಿದೆ. ಎರಡು ಬೇರೆ ದಿನ ಇರುವುದರಿಂದ ಮೂವರಲ್ಲಿ ಒಬ್ಬರು ಸೋಮವಾರ ರಜೆ ಹಾಕಿದರೂ ದಾರಿ ಉಳಿಯುತ್ತದೆ. ತಾರೀಕಿನ ಜೊತೆ ವಾರ ಬರೆದರೆ ಒಂದು ತಪ್ಪಿದರೂ ಇನ್ನೊಂದರಿಂದ ಗೊತ್ತಾಗುತ್ತದೆ. ‘ಮುಂದಿನ ಮಂಗಳವಾರ’ ಎಂದು ಬರೆದರೆ ಯಾವ ಮಂಗಳವಾರ ಎಂದು ಕೇಳಲು ಇನ್ನೊಂದು ಮೇಲ್ ಬೇಕು. ಕಾಲಮಾನವೂ ಹೆಚ್ಚಿನ ಮಾತಲ್ಲ. ಅವನನ್ನು ನೋಡಬೇಕಿದ್ದವರಲ್ಲಿ ಒಬ್ಬರು ನ್ಯೂಯಾರ್ಕಿನಲ್ಲಿದ್ದರು. ನಮ್ಮ ಸಂಜೆ 5 ಎಂದರೆ ಜೂನ್‌ನಲ್ಲಿ ಅಲ್ಲಿ ಬೆಳಿಗ್ಗೆ 7.30, ಚಳಿಗಾಲದಲ್ಲಿ 6.30. ತಿಂಗಳನ್ನು ಅಂಕಿಯಲ್ಲಿ ಬರೆಯುವುದೂ ಅಪಾಯ, 6/7 ಎಂಬುದು ಅವರಿಗೆ ಜೂನ್ 7, ನಮಗೆ ಜುಲೈ 6.

ಇಷ್ಟಾದರೂ ವಾಟ್ಸಾಪಿನಲ್ಲಿ ಓಡಾಡುವ ‘ಮಾದರಿ ಪತ್ರ’ಗಳಲ್ಲೆಲ್ಲ ಅದೇ ‘ಯಾವಾಗಲಾದರೂ ಸರಿ’ ಇದೆ. ಯಾರು ಬರೆದರೋ, ಅವರು ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಂಡಿದ್ದಾರೋ ಎಂದು ಒಬ್ಬರೂ ಕೇಳುವುದಿಲ್ಲ. ತಂದೆಯ ಸ್ಕ್ಯಾನ್ ವರದಿ ಲಗತ್ತಿಸಬೇಕು ಎಂಬುದೂ ಅಲ್ಲಿಂದಲೇ ಬಂದ ಸಲಹೆ. ಬೇಡ, ಕಾರಣಕ್ಕೆ ಒಂದು ವಾಕ್ಯ ಸಾಕು. ಕ್ಯಾಲೆಂಡರಿನಲ್ಲಿ ‘Decline’ ಒತ್ತಿದರೆ ತಿಳಿಸಿದಂತಾಯಿತು ಅನ್ನುವವರೂ ಇದ್ದಾರೆ. ಅದನ್ನು ಕಂಡವರಿಗೆ ಅರ್ಥವಾಗುವುದು ನಿಮಗೆ ಕೆಲಸ ಬೇಡ ಎಂದಷ್ಟೇ. ದಿನ ಬದಲಿಸಿ ಎಂದು ಕೇಳಿದರೇ ಕೆಲಸ ಹೋಯಿತು ಎಂಬ ಭಯ ನಿಜವಾಗುವುದು ಹುದ್ದೆಯನ್ನು ಆ ವಾರವೇ ತುಂಬಲೇಬೇಕಾದಾಗ. ಆಗ ಎಷ್ಟು ವಿನಯದಿಂದ ಬರೆದರೂ ಉಪಯೋಗವಿಲ್ಲ.

ಶನಿವಾರ ರಾತ್ರಿ ಹುಡುಗ ತಾನಾಗಿ ಇನ್ನೊಂದು ಸಾಲು ಕಳಿಸಿದ: ‘ಸೋಮವಾರ ಅಕ್ಕನಿಗೆ ಬರಲಾಗುವುದಿಲ್ಲವಂತೆ, ಆ ಹೊತ್ತು ಬಿಟ್ಟುಬಿಡಿ. ಮಂಗಳವಾರದ ಎರಡೂ ಹಾಗೇ ಇವೆ.’ ನಾನಿನ್ನೂ ಯಾರಿಗೂ ಸೋಮವಾರ ಎಂದು ಹೇಳಿರಲಿಲ್ಲ. ಮಂಗಳವಾರ ನಾಲ್ಕಕ್ಕೆ ಹೊಂದಿಸಿದೆ. ನ್ಯೂಯಾರ್ಕಿನವರು ಬೆಳಿಗ್ಗೆ ಆರೂವರೆಗೇ ಎದ್ದು ಕೂತರು, ಹುಡುಗ ಐದು ನಿಮಿಷ ಮೊದಲೇ ಬಂದಿದ್ದ.